ಶಿಕ್ಷಕರ ಗಂಟಲು: ಕಾಫಿ, ಟೀ, ಮಜ್ಜಿಗೆ, ಎಳನೀರು

ಮಾನ್ಯ ಅಧ್ಯಕ್ಷರೇ, ಮಂಡ್ಯ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದಿರುವ ಶಿಕ್ಷಕ ಬಂಧುಗಳೇ,

ಕಿವಿ, ಮೂಗು, ಗಂಟಲಿನ ವೈದ್ಯನಾದ ನನ್ನ ಬಳಿಗೆ ಬರುವ ಶಿಕ್ಷಕರಲ್ಲಿ ಬಹಳ ಮಂದಿಯ ದೂರು ಒಂದೇ ಬಗೆಯದು. ಗಂಟಲು ಒಣಗುತ್ತದೆ, ಮಾತಿನ ನಡುವೆ ಮತ್ತೆ ಮತ್ತೆ ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತದೆ, ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಧ್ವನಿ ಒಡೆಯುತ್ತದೆ. ಅದಕ್ಕೆ ಅವರು ಕಂಡುಕೊಂಡಿರುವ ಉಪಾಯವೂ ಸಾಮಾನ್ಯವಾಗಿ ಒಂದೇ: ವಿರಾಮದಲ್ಲಿ ಇನ್ನೊಂದು ಲೋಟ ಬಿಸಿ ಕಾಫಿ ಅಥವಾ ಟೀ. ಆ ಕ್ಷಣಕ್ಕೆ ಹಿತವೆನಿಸುವ ಈ ಉಪಾಯ ಕೆಲವರಲ್ಲಿ ತೊಂದರೆಯನ್ನು ವಾಸಿಯಾಗಲು ಬಿಡದೆ ಮುಂದುವರಿಸುತ್ತದೆ. ಅದು ಹೇಗೆ ಎಂಬುದಷ್ಟೇ ಇಂದಿನ ವಿಷಯ.

ಕಾಫಿ ಕುಡಿದರೆ ಮೈಯ ನೀರೆಲ್ಲ ಮೂತ್ರವಾಗಿ ಹೋಗಿ ಗಂಟಲು ಒಣಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕೆಫೀನಿಗೆ ಮೂತ್ರ ಹೆಚ್ಚಿಸುವ ಗುಣವಿರುವುದು ನಿಜ. ಆದರೆ ದಿನವೂ ಕುಡಿಯುವವರ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ, ಮೂರು ನಾಲ್ಕು ಲೋಟದ ಮಿತಿಯೊಳಗೆ ಕಾಫಿಯಲ್ಲಿರುವ ನೀರಿನ ಬಹುಭಾಗ ದೇಹಕ್ಕೆ ದಕ್ಕುತ್ತದೆ. ಟೀ ಕುಡಿದಾಗ ಬಾಯಿ ಒಣಗಿದಂತೆ ಅನಿಸುವುದು ಬೇರೊಂದು ಕಾರಣಕ್ಕೆ. ಅದರ ಒಗರಿಗೆ ಕಾರಣವಾದ ಟ್ಯಾನಿನ್, ಜೊಲ್ಲಿನಲ್ಲಿರುವ ಜಾರುಗುಣದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ನುಣುಪನ್ನು ಕಳೆಯುತ್ತದೆ. ಹಾಲು ಬೆರೆಸಿದರೆ ಈ ಒಗರು ತಗ್ಗುತ್ತದೆ; ಬಹಳ ಹೊತ್ತು ಕುದಿಸಿದ ಟೀಯಲ್ಲಿ ಹೆಚ್ಚುತ್ತದೆ.

ಇವೆರಡಕ್ಕಿಂತ ಮುಖ್ಯವಾದ ಕಾರಣ ಗಂಟಲಿನ ಕೆಳಗಿದೆ. ಅನ್ನನಾಳವು ಜಠರವನ್ನು ಸೇರುವಲ್ಲಿ ಒಂದು ಸ್ನಾಯುವಿನ ಬಿಗಿತವಿದ್ದು, ಅದು ಜಠರದ ರಸವನ್ನು ಮೇಲೆ ಬಾರದಂತೆ ತಡೆಯುತ್ತದೆ. ಕಾಫಿಯು ಈ ಸ್ನಾಯುವನ್ನು ಸಡಿಲಿಸಬಲ್ಲದು, ಜೊತೆಗೆ ಜಠರದಲ್ಲಿ ಆಮ್ಲ ಸ್ರವಿಸುವುದನ್ನೂ ಹೆಚ್ಚಿಸುತ್ತದೆ. ಕೆಫೀನ್ ತೆಗೆದ ಕಾಫಿಯೂ ಆಮ್ಲವನ್ನು ಹೆಚ್ಚಿಸುವುದರಿಂದ, ತಪ್ಪು ಕೆಫೀನಿನದ್ದು ಮಾತ್ರವಲ್ಲ. ಮೇಲೇರಿದ ರಸ ಅನ್ನನಾಳದಲ್ಲೇ ನಿಂತರೆ ಎದೆಯುರಿ, ಹುಳಿತೇಗು ಕಾಣಿಸಿಕೊಳ್ಳುತ್ತವೆ. ಅದರ ಅಲ್ಪಾಂಶ ಧ್ವನಿಪೆಟ್ಟಿಗೆಯವರೆಗೆ ಬಂದರೆ, ಅನ್ನನಾಳಕ್ಕಿರುವಷ್ಟು ರಕ್ಷಣೆ ಅಲ್ಲಿನ ತೆಳುಪೊರೆಗೆ ಇಲ್ಲದಿರುವುದರಿಂದ, ಎದೆಯುರಿ ಎಂಬುದೇ ಇಲ್ಲದೆ ಗಂಟಲಷ್ಟೇ ಕೆಡುತ್ತದೆ. ಆಮ್ಲದೊಡನೆ ಪೆಪ್ಸಿನ್ ಎಂಬ, ಪ್ರೋಟೀನನ್ನು ಜೀರ್ಣಿಸುವ ಕಿಣ್ವವೂ ಬಂದು ಆ ಪೊರೆಯಲ್ಲಿ ಉಳಿಯುತ್ತದೆ. ಆಮ್ಲ ಕಡಿಮೆಯಾದಾಗ ಸುಮ್ಮನಿದ್ದು, ಮತ್ತೆ ಆಮ್ಲ ತಾಗಿದಾಗ ಕೆಲಸ ಆರಂಭಿಸುತ್ತದೆ. ಗಂಟಲು ಒಣಗಿದಂತೆ, ಏನೋ ಸಿಕ್ಕಿಕೊಂಡಂತೆ, ಕಫ ಅಂಟಿದಂತೆ ಅನಿಸುವುದು ಈ ಕೆರಳಿಕೆಯಿಂದ. ನೀರು ಕುಡಿದರೂ ಹೋಗದ ಒಣಗು ಇದು.

ಶಿಕ್ಷಕಿಯೊಬ್ಬರ ಉದಾಹರಣೆಯನ್ನು ಗುರುತು ಬಿಟ್ಟು ಹೇಳುತ್ತೇನೆ. ಬೆಳಿಗ್ಗೆ ಎದ್ದೊಡನೆ ಅವರ ಧ್ವನಿ ಗೊಗ್ಗರಾಗಿರುತ್ತಿತ್ತು, ಹತ್ತು ಗಂಟೆಯ ಹೊತ್ತಿಗೆ ತುಸು ತಿಳಿಯಾಗಿ, ಮಧ್ಯಾಹ್ನ ಮತ್ತೆ ಕೆಡುತ್ತಿತ್ತು. ಎದೆಯುರಿ ಇರಲಿಲ್ಲ. ಬರೀ ಪಾಠ ಮಾಡಿ ದಣಿದ ಗಂಟಲು ರಾತ್ರಿಯ ವಿಶ್ರಾಂತಿಯ ನಂತರ ಬೆಳಿಗ್ಗೆ ಚೆನ್ನಾಗಿರಬೇಕು. ಬೆಳಿಗ್ಗೆಯೇ ಹೆಚ್ಚು ಕೆಟ್ಟಿದ್ದರೆ ಮಲಗಿದಾಗ ಏನೋ ನಡೆಯುತ್ತಿದೆಯೆಂದು ಸಂಶಯಪಡಬೇಕು. ಅವರ ದಿನಚರಿ ಕೇಳಿದೆ. ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಸ್ಟ್ರಾಂಗ್ ಫಿಲ್ಟರ್ ಕಾಫಿ, ತಿಂಡಿಯ ಜೊತೆ ಇನ್ನೊಂದು, ಶಾಲೆಯಲ್ಲಿ ಎರಡು ಸಲ ಟೀ, ಸಂಜೆ ಮದ್ದೂರು ವಡೆಯೊಂದಿಗೆ ಮತ್ತೆ ಕಾಫಿ, ಒಂಬತ್ತೂವರೆಗೆ ಊಟ, ಹತ್ತಕ್ಕೆ ನಿದ್ದೆ. ತರಗತಿಯಲ್ಲಿ ಗಂಟಲಿಗೆಂದು ಪೆಪ್ಪರ್‌ಮಿಂಟ್ ಚೀಪುತ್ತಿದ್ದರು. ಪುದೀನಾ ಜಾತಿಯ ಅದು ಕೂಡ ಆ ಸ್ನಾಯುವನ್ನು ಸಡಿಲಿಸುವಂಥದ್ದೇ.

ಗಂಟಲೊಳಗೆ ಕ್ಯಾಮೆರಾ ನಳಿಕೆ ಇಳಿಸಿ ಗಂಟು, ಹುಣ್ಣು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಮಾತ್ರೆಗಿಂತ ಮೊದಲು ಕುಡಿಯುವುದನ್ನೂ ಉಣ್ಣುವ ಹೊತ್ತನ್ನೂ ಬದಲಿಸಿ ನೋಡೋಣವೆಂದೆ. ಕಾಫಿಯನ್ನು ಒಮ್ಮೆಲೇ ಬಿಟ್ಟರೆ ಮಾರನೆಯ ದಿನದಿಂದ ತಲೆನೋವು ಹಿಡಿದು, ಕೆಲವರಿಗೆ ಒಂದು ವಾರವೂ ಇರುತ್ತದೆ. ಬಿಟ್ಟವರು ಮತ್ತೆ ಶುರುಮಾಡುವುದು ಇದರಿಂದಲೇ. ಆದ್ದರಿಂದ ಮೊದಲು ಸಂಜೆಯ ಕಾಫಿ ಹೋಯಿತು, ಕೆಲವು ದಿನಗಳ ನಂತರ ಶಾಲೆಯ ಟೀ, ಬೆಳಗಿನ ಲೋಟದಲ್ಲಿ ಡಿಕಾಕ್ಷನ್ ಅರ್ಧಕ್ಕೆ ಇಳಿದು, ಖಾಲಿ ಹೊಟ್ಟೆಯಿಂದ ತಿಂಡಿಯ ನಂತರಕ್ಕೆ ಸರಿಯಿತು. ಊಟ ಏಳು ಗಂಟೆಗೆ ಬಂತು, ಏಕೆಂದರೆ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆಯ ಅಂತರವಿದ್ದರೆ ಜಠರ ಬಹುಮಟ್ಟಿಗೆ ಬರಿದಾಗಿರುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಇಂಚಿನ ಮರದ ತುಂಡುಗಳನ್ನಿಟ್ಟರು. ದಿಂಬು ಏರಿಸಿದರೆ ಹೊಟ್ಟೆ ಮಡಿಚಿಕೊಂಡು ಒತ್ತಡ ಹೆಚ್ಚುವುದರಿಂದ ಅದು ಇದಕ್ಕೆ ಸಮನಲ್ಲ. ಮೂರು ವಾರಗಳಲ್ಲಿ ಬೆಳಗಿನ ಗೊಗ್ಗರು ಕಡಿಮೆಯಾಯಿತು. ಕ್ಯಾಕರಿಸುವುದು ಪೂರ್ತಿ ನಿಲ್ಲಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಆಮೇಲೆ ತಿಂಡಿಯ ನಂತರದ ಕಾಫಿಯನ್ನು ಮೊದಲಿನ ಹದಕ್ಕೆ ತಂದು ನೋಡಿದೆವು, ಏನೂ ಆಗಲಿಲ್ಲ. ಸಂಜೆಯದನ್ನು ಶುರುಮಾಡಿದಾಗ ನಾಲ್ಕೈದು ದಿನದಲ್ಲಿ ಧ್ವನಿ ಮತ್ತೆ ಕೆಟ್ಟಿತು. ಹೀಗೆ ಒಂದೊಂದನ್ನೇ ಮರಳಿ ತಂದು ನೋಡುವುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕಾಫಿಯಿಂದ ಎಲ್ಲರಿಗೂ ಹೀಗಾಗುವುದಿಲ್ಲ. ಆಗದವರು ಅದನ್ನು ಬಿಡುವ ಅಗತ್ಯವೇ ಇಲ್ಲ.

ಅವರಿಗೆ ಬದಲಿಯಾಗಿ ಹೇಳಿದ್ದು ಮಜ್ಜಿಗೆ ಮತ್ತು ಎಳನೀರು. ಮಜ್ಜಿಗೆ ಅದೇ ದಿನದ ಸಿಹಿ ಮೊಸರಿನದಾಗಿರಬೇಕು, ಒಂದು ಪಾಲು ಮೊಸರಿಗೆ ಮೂರು ನಾಲ್ಕು ಪಾಲು ನೀರು ಸೇರಿಸಿ ಕಡೆದು ಬೆಣ್ಣೆ ತೆಗೆದಿರಬೇಕು. ಕೊಬ್ಬು ಜಠರ ಬರಿದಾಗುವುದನ್ನು ತಡಮಾಡುತ್ತದೆ. ನಮ್ಮ ಮನೆಗಳ ನೀರುಮಜ್ಜಿಗೆಗೆ ಹಸಿಮೆಣಸಿನಕಾಯಿ, ಶುಂಠಿ, ನಿಂಬೆ, ಪುದೀನಾ ಬೀಳುತ್ತವೆ. ಗಂಟಲು ಕೆಟ್ಟಿರುವಾಗ ಇವೆಲ್ಲ ಬೇಡ, ಹುರಿದ ಜೀರಿಗೆ, ಕರಿಬೇವು, ಚಿಟಿಕೆ ಉಪ್ಪು ಸಾಕು. ಹಿಂದಿನ ದಿನದ ಹುಳಿ ಮಜ್ಜಿಗೆ ಸ್ವತಃ ಆಮ್ಲೀಯವಾಗಿರುವುದರಿಂದ, ನಾನು ಈಗ ಹೇಳಿದ ಪೆಪ್ಸಿನ್ ಮತ್ತೆ ಚುರುಕಾಗಬಹುದು. ಕುಡಿದೊಡನೆ ಗಂಟಲು ಚುರುಗುಟ್ಟಿದರೆ ಅದೇ ಕಾರಣವೆಂದು ತಿಳಿದು ನಿಲ್ಲಿಸಿ.

ಎಳನೀರಿಗೆ ನಮ್ಮ ಮದ್ದೂರಿನ ಮಾರುಕಟ್ಟೆಯೇ ಹೆಸರಾಗಿದೆ, ಸಿಗುವುದು ಕಷ್ಟವಿಲ್ಲ. ಅದರಲ್ಲಿ ಕೆಫೀನ್ ಇಲ್ಲ, ಟ್ಯಾನಿನ್ನಿನ ಒಗರಿಲ್ಲ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಗಂಜಿ ಬಲಿತ ಕಾಯಿಗಿಂತ ಬರೀ ನೀರಿನ ಕಾಯಿ ಕೇಳಿ ತೆಗೆದುಕೊಳ್ಳಿ, ಬಲಿತಂತೆ ಗಂಜಿಯಲ್ಲಿ ಕೊಬ್ಬು ಸೇರುತ್ತದೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತದೊತ್ತಡಕ್ಕೆ ಪೊಟ್ಯಾಸಿಯಂ ಏರಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಸಕ್ಕರೆ ಕಾಯಿಲೆಯವರು ಅದರ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾವುದನ್ನೇ ಕುಡಿದರೂ ಅದು ಧ್ವನಿತಂತುಗಳನ್ನು ನೇರವಾಗಿ ತೋಯಿಸುವುದಿಲ್ಲ. ಅವುಗಳ ಹಿಂದಿನಿಂದ ಅನ್ನನಾಳಕ್ಕೆ ಇಳಿಯುತ್ತದೆ. ರಕ್ತದ ಮೂಲಕ ಅಲ್ಲಿಗೆ ನೀರು ತಲುಪಲು ಹೊತ್ತು ಬೇಕಾಗುವುದರಿಂದ, ಗಂಟಲು ಒಣಗಿದ ಮೇಲೆ ಕುಡಿಯುವುದಕ್ಕಿಂತ ಮೊದಲ ಪೀರಿಯಡ್ಡಿಗೆ ಮುಂಚಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರುವುದು ಒಳ್ಳೆಯದು. ಒಮ್ಮೆಗೆ ಹೊಟ್ಟೆ ತುಂಬ ಕುಡಿದರೆ ಮತ್ತೆ ರಸ ಮೇಲೇರಲು ದಾರಿಯಾಗುತ್ತದೆ.

ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವರಿಗೆ, ನೆಗಡಿಯ ಅಥವಾ ಅಲರ್ಜಿಯ ಮಾತ್ರೆ ನುಂಗುವವರಿಗೆ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇರುವವರಿಗೆ ಗಂಟಲು ಒಣಗುವುದಕ್ಕೆ ಕಾಫಿ ಕಾರಣವಾಗಿರಬೇಕೆಂದಿಲ್ಲ. ಧ್ವನಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ, ನುಂಗುವಾಗ ನೋವಾದರೆ ಅಥವಾ ಅನ್ನ ಸಿಕ್ಕಿಕೊಂಡರೆ, ಉಗುಳಿನಲ್ಲಿ ರಕ್ತ ಕಂಡರೆ, ಕುತ್ತಿಗೆಯಲ್ಲಿ ಗಂಟು ಮೂಡಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಅದರಲ್ಲೂ ಬೀಡಿ, ಸಿಗರೇಟು, ಹೊಗೆಸೊಪ್ಪು, ಅಡಿಕೆಯ ಅಭ್ಯಾಸವಿದ್ದರೆ, ಮಜ್ಜಿಗೆಯ ಪ್ರಯೋಗಕ್ಕೆ ಕಾಯದೆ ಆ ವಾರದಲ್ಲೇ ಗಂಟಲಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.