ಸಿಡಿ5 ಕಂಡ ಕೂಡಲೇ ಟಿ ಸೆಲ್ ಅಂತ ಬರೆಯಬೇಡಿ

ಎಲ್ಲರಿಗೂ ನಮಸ್ಕಾರ. ಪೆಥಾಲಜಿ ಪರೀಕ್ಷೆಗೆ ಓದುತ್ತಿರುವವರ ಜೊತೆ ಇವತ್ತು ಒಂದೇ ಒಂದು ಪ್ರಶ್ನೆ ಬಿಡಿಸೋಣ ಅಂತಿದ್ದೇನೆ. ಪಾಠ ಮಾಡುವಾಗ ನಾನು ಹೆಚ್ಚು ತಪ್ಪು ಉತ್ತರ ನೋಡಿದ್ದು ಇದರಲ್ಲೇ.

ಬಸವನಗುಡಿಯ 68 ವರ್ಷದ ಒಬ್ಬ ಅಜ್ಜ ಅಂದುಕೊಳ್ಳಿ. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ರಕ್ತ ಕೊಟ್ಟಿದ್ದಾರೆ. ಜ್ವರ ಇಲ್ಲ, ಸುಸ್ತಿಲ್ಲ, ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ನಡೆಯುತ್ತಾರೆ. ಆದರೆ ರಿಪೋರ್ಟಿನಲ್ಲಿ ಬಿಳಿ ರಕ್ತಕಣ 60,000, ಮುಕ್ಕಾಲು ಪಾಲಿಗಿಂತ ಜಾಸ್ತಿ ಲಿಂಫೋಸೈಟ್‌ಗಳು. ಇದು ಯಾವ ಕಾಯಿಲೆ?

ಇದೇ ಲೆಕ್ಕ ಐದು ವರ್ಷದ ಮಗುವಿನಲ್ಲಿ ಬಂದಿದ್ದರೆ, ಸ್ಲೈಡಿನಲ್ಲಿ ಬ್ಲಾಸ್ಟ್ ಇದೆಯಾ, ಟಿಡಿಟಿ ಪಾಸಿಟಿವ್ ಆ ಅಂತ ಮೊದಲು ಕೇಳುತ್ತಿದ್ದೆವು. ಅಜ್ಜನ ವಯಸ್ಸು ಬೇರೆ ಕಡೆ ಬೆರಳು ತೋರಿಸುತ್ತದೆ. ವಯಸ್ಸು ತೋರಿಸುವುದು ದಿಕ್ಕು ಮಾತ್ರ, ಉತ್ತರವಲ್ಲ.

ಈಗ ಸ್ಲೈಡ್ ನೋಡಿ. ಸಣ್ಣ ಸಣ್ಣ ಲಿಂಫೋಸೈಟ್‌ಗಳು, ಕ್ರೊಮಾಟಿನ್ ಬಿರುಕು ಬಿಟ್ಟ ಕೆರೆಯಂಗಳದ ಹಾಗೆ ತುಂಡುತುಂಡು, ಸುತ್ತ ಸೈಟೊಪ್ಲಾಸಂ ಇದ್ದೂ ಇಲ್ಲದ ಹಾಗೆ. ನಡುನಡುವೆ, ಹಸಿ ಇಂಕಿನ ಮೇಲೆ ಬೆರಳು ಎಳೆದಂತೆ ಹರಡಿಕೊಂಡ ನೇರಳೆ ಮಚ್ಚೆಗಳು. ಅವೇ ಸ್ಮಡ್ಜ್ ಸೆಲ್. ಈ ಕಣಗಳು ತುಂಬಾ ನಾಜೂಕು, ಸ್ಮಿಯರ್ ಎಳೆಯುವಾಗಲೇ ಒಡೆದುಹೋಗುತ್ತವೆ. ಅದೇ ರಕ್ತಕ್ಕೆ ಒಂದು ಹನಿ ಅಲ್ಬುಮಿನ್ ಬೆರೆಸಿ ಎಳೆದರೆ ಬಹುಪಾಲು ಇಡಿಯಾಗಿ ಉಳಿಯುತ್ತವೆ. ಬೇರೆ ಕಾಯಿಲೆಗಳಲ್ಲೂ ಸ್ಮಡ್ಜ್ ಕಾಣಬಹುದು, ಹಾಗಾಗಿ ಇದೊಂದನ್ನೇ ನಂಬಿ ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೀಮಿಯಾ, ಅನ್ನಬಾರದು.

ಆಮೇಲೆ ಫ್ಲೋ ಸೈಟೋಮೆಟ್ರಿ ಬರುತ್ತದೆ: ಸಿಡಿ5 ಪಾಸಿಟಿವ್. ಎಡವುವುದು ಇಲ್ಲೇ. ಸಿಡಿ5 ಟಿ ಸೆಲ್ ಮಾರ್ಕರ್ ಅಂತ ಓದಿದ್ದೇವೆ ಅಲ್ವಾ, ಸುಮ್ನೆ ಟಿ ಸೆಲ್ ಲ್ಯುಕೀಮಿಯಾ ಅಂತ ಬರೆದುಬಿಡುತ್ತಾರೆ. ಪಕ್ಕದ ಸಾಲು ಓದಿ. ಸಿಡಿ19 ಇದೆ, ಸಿಡಿ20 ಇದೆ, ಸಿಡಿ3 ಇಲ್ಲ. ಅಂದರೆ ಇದು ಬಿ ಸೆಲ್, ಸಿಡಿ5 ಹೊತ್ತುಕೊಂಡ ಬಿ ಸೆಲ್. ಹಾಗಿರುವಾಗ ಮುಖ್ಯವಾಗಿ ಎರಡು ಹೆಸರು ನೆನಪಾಗಬೇಕು: ಸಿಎಲ್‌ಎಲ್ ಮತ್ತು ಮ್ಯಾಂಟಲ್ ಸೆಲ್ ಲಿಂಫೋಮಾ.

ಇವೆರಡನ್ನು ಬೇರೆ ಮಾಡುವುದು ಸಿಡಿ23. ಸಿಎಲ್‌ಎಲ್‌ನಲ್ಲಿ ಅದು ಇರುತ್ತದೆ, ಸಿಡಿ20 ಮಂಕಾಗಿರುತ್ತದೆ. ಮ್ಯಾಂಟಲ್‌ನಲ್ಲಿ ಸಾಮಾನ್ಯವಾಗಿ ಸಿಡಿ23 ಇರುವುದಿಲ್ಲ, ಸಿಡಿ20 ಗಾಢವಾಗಿರುತ್ತದೆ, 11 ಮತ್ತು 14ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಸೈಕ್ಲಿನ್ ಡಿ1 ಹೆಚ್ಚಾಗಿರುತ್ತದೆ. ಕೆಲವು ಮ್ಯಾಂಟಲ್ ಕೇಸುಗಳಲ್ಲೂ ಸಿಡಿ23 ಕಾಣಿಸುತ್ತದೆ. ಅನುಮಾನ ಬಂದರೆ ಸೈಕ್ಲಿನ್ ಡಿ1 ನೋಡಲೇಬೇಕು, ಇಲ್ಲವೇ ಆ ಕ್ರೋಮೋಸೋಮ್ ಅದಲುಬದಲು ಹುಡುಕುವ ಫಿಶ್ ಪರೀಕ್ಷೆ ಮಾಡಿಸಬೇಕು. ಯಾಕೆಂದರೆ ತೊಂದರೆ ಕೊಡದ ಸಿಎಲ್‌ಎಲ್ ಆದರೆ ಔಷಧಿ ಇಲ್ಲದೆ ಕಾದು ನೋಡುತ್ತಾರೆ, ಮ್ಯಾಂಟಲ್ ಆದರೆ ಹೆಚ್ಚಿನವರಿಗೆ ಬೇಗ ಚಿಕಿತ್ಸೆ ಬೇಕಾಗುತ್ತದೆ.

ನಮ್ಮ ಅಜ್ಜನಿಗೆ ಸಿಡಿ23 ಪಾಸಿಟಿವ್, ಸಿಡಿ20 ಮಂಕು, ಸೈಕ್ಲಿನ್ ಡಿ1 ಇಲ್ಲ. ಇಂಥ ಬಿ ಸೆಲ್‌ಗಳು ಮೈಕ್ರೋಲೀಟರಿಗೆ 5,000ದ ಮೇಲೆ ಮೂರು ತಿಂಗಳಾದರೂ ಹಾಗೇ ಉಳಿದರೆ ಸಿಎಲ್‌ಎಲ್. ಲಿಂಫ್ ಗಂಟುಗಳು ದಪ್ಪಗಾಗಿ, ರಕ್ತದಲ್ಲಿ ಈ ಬಿ ಸೆಲ್‌ಗಳ ಲೆಕ್ಕ 5,000ಕ್ಕಿಂತ ಕೆಳಗಿದ್ದರೆ ಅದನ್ನು ಎಸ್‌ಎಲ್‌ಎಲ್, ಅಂದರೆ ಸ್ಮಾಲ್ ಲಿಂಫೋಸೈಟಿಕ್ ಲಿಂಫೋಮಾ, ಅನ್ನುತ್ತೇವೆ. ಸೆಲ್ ಅದೇ, ಮಾರ್ಕರ್ ಅವೇ, ಮನೆ ಮಾತ್ರ ಬೇರೆ.