ಹೊಸ ಸಂಸಾರ, ಖಾಲಿ ಮನೆ: ಮೊದಲು ತಗೋಬೇಕಾದ್ದು ಏನು?

ನಮಸ್ಕಾರ ಎಲ್ರಿಗೂ. ಈ ವಿಡಿಯೋ ತುಣುಕು ಮನೆಯ ಬೀಗದ ಕೈ ಸಿಕ್ಕಿದ ದಿನ ತೆಗೆದಿದ್ದು. ಹಾಲ್‌ನಲ್ಲಿ ಒಂದು ಕುರ್ಚಿನೂ ಇಲ್ಲ, ಪರದೆನೂ ಇಲ್ಲ. ಅದಕ್ಕೇ ಇವರು ಆ ಕಡೆಯಿಂದ ಕೂಗಿದ್ದು ಗೋಡೆಗೆಲ್ಲ ಬಡಿದು ಎರಡೆರಡು ಸಲ ಕೇಳ್ತಿದೆ. ನನಗೆ ಆ ಸದ್ದು ತುಂಬ ಇಷ್ಟ ಆಯ್ತು. ಈಗ ಮನೆಗೆ ಸಾಮಾನು ಬಂದ ಮೇಲೆ ಅದು ಕಡಿಮೆ ಆಯ್ತು.

ಕೈಯಲ್ಲಿರೋ ಹಾಳೆ ಕಾಣ್ತಿದೆಯಾ? ಅದೇ ನಮ್ಮ ಪಟ್ಟಿ. ಒಂದೊಂದು ಕೋಣೆಗೆ ಒಂದೊಂದು ಕಾಲಂ. ಪ್ರತಿ ಸಾಮಾನಿನ ಮುಂದೆ 1, 2 ಇಲ್ಲಾ 3 ಅಂತ ಬರ್ದಿದೀವಿ. 1 ಅಂದ್ರೆ ಮನೆಗೆ ಬಂದ ದಿನವೇ ಬೇಕು. 2 ಅಂದ್ರೆ ಮೊದಲ ತಿಂಗಳೊಳಗೆ. 3 ಅಂದ್ರೆ ಮೂರು ತಿಂಗಳು ಅಲ್ಲಿ ಬದುಕಿ ನೋಡಿ, ಆಮೇಲೂ ಬೇಕು ಅನ್ಸಿದ್ರೆ. ಮೊದಲು ಬರೆದಾಗ ಸೋಫಾಗೆ 1 ಹಾಕಿದ್ದೆ, ಕಸದ ಬುಟ್ಟಿಯ ಹೆಸರೇ ಇರ್ಲಿಲ್ಲ. ಆ ಹಾಳೆ ಹರಿದು ಹಾಕಿ ಮತ್ತೆ ಬರೆದ್ವಿ.

ಪಟ್ಟಿ ಬರೆಯೋಕೆ ಮುಂಚೆ ಮದುವೆ ಉಡುಗೊರೆ ಎಲ್ಲಾ ಬಿಚ್ಚಿ ನೋಡಿ. ಒಂದೂ ಬಿಡಬೇಡಿ. ನಮಗೆ ಗೋಡೆ ಗಡಿಯಾರವೇ ಮೂರು ಬಂದಿತ್ತು, ಊಟದ ತಟ್ಟೆಯ ಸೆಟ್ ಎರಡು. ಅವೆರಡೂ ಪಟ್ಟಿಯಿಂದ ಹೊಡೆದು ಹಾಕಿದ್ವಿ. ಗಡಿಯಾರ ಕೊಟ್ಟವರಿಗೆ ಬೇಜಾರಾಗಬಾರದು ಅಂತ ಇವರು ಮೂರನ್ನೂ ಮೂರು ಕೋಣೇಲಿ ಹಾಕಿದಾರೆ. ಚೆನ್ನಾಗೇ ಇದೆ, ಎಲ್ಲಿ ನಿಂತ್ರೂ ಟೈಮ್ ಗೊತ್ತಾಗುತ್ತೆ. ಸರಿ, ಬಚ್ಚಲು ಬಂತು.

ಹೌದು, ಮೊದಲು ಬಚ್ಚಲುಮನೆ. ಎಲ್ರೂ ಅಡುಗೆಮನೆಯಿಂದ ಶುರು ಮಾಡ್ತಾರೆ, ನನ್ನ ಪ್ರಕಾರ ಅದು ತಪ್ಪು. ಮೊದಲ ದಿನದ ಊಟ ಹೊರಗಿಂದ ತರಬಹುದು, ಸ್ನಾನ ತರೋಕಾಗಲ್ಲ. ಬಕೆಟ್ ಎರಡು, ಮಗ್ಗು, ಸೋಪು, ಟವೆಲ್, ಬಚ್ಚಲು ತಿಕ್ಕೋ ಬ್ರಷ್, ಕಾಲೊರೆಸು. ಎಲ್ಲ 1. ಬಕೆಟ್ ಯಾಕೆ ಎರಡು ಅಂದ್ರೆ, ಒಂದು ಸ್ನಾನಕ್ಕೆ, ಇನ್ನೊಂದು ನೆಲ ಒರೆಸೋಕೆ. ಸಾಮಾನು ಬರೋಕೆ ಮುಂಚೆಯೇ ಪೊರಕೆ ಹಿಡಿದು ಮನೆ ಗುಡಿಸಿಬಿಡಿ. ಬೀರು ಇಟ್ಟ ಮೇಲೆ ಅದರ ಹಿಂದಿನ ಧೂಳು ಅಲ್ಲೇ ಉಳಿಯುತ್ತೆ.

ಅಡುಗೆಮನೆ. ಇಲ್ಲಿ ನಾವು ತಗೊಂಡಿದ್ದು ಕಡಿಮೆ, ಅದಕ್ಕೆ ನನಗೆ ತೃಪ್ತಿ ಇದೆ. ಒಲೆ, ಮೂರು ಲೀಟರ್ ಕುಕ್ಕರ್, ಒಂದು ಬಾಣಲೆ, ಒಂದು ಕಾವಲಿ, ಮುಚ್ಚಳ ಇರೋ ಪಾತ್ರೆ ಎರಡು, ಚಾಕು, ಸೌಟು, ಕುಡಿಯೋ ನೀರು ತುಂಬಿಡೋಕೆ ಒಂದು ಪಾತ್ರೆ. ಇಬ್ಬರಿಗೆ ಮೂರು ಲೀಟರ್ ಸಾಕಾ ಅಂತ ಅತ್ತೆ ಕೇಳಿದ್ರು. ಕುಕ್ಕರನ್ನ ಯಾವತ್ತೂ ಬಾಯಿತನಕ ತುಂಬಲ್ಲ, ಮೂರರಲ್ಲಿ ಎರಡು ಭಾಗ ಅಷ್ಟೇ. ಬೆಂದು ಉಬ್ಬೋ ಕಾಳು ಗೀಳು ಇದ್ರೆ ಅರ್ಧ. ಅಂದ್ರೆ ಮೂರು ಲೀಟರ್ ಕುಕ್ಕರಲ್ಲಿ ಕೆಲಸಕ್ಕೆ ಬರೋದು ಒಂದೂವರೆಯಿಂದ ಎರಡು ಲೀಟರ್. ಇಬ್ಬರಿಗೆ ಅದು ಬೇಕಾದಷ್ಟಾಯ್ತು. ನೆಂಟರು ಬರೋಕೆ ಶುರುವಾದ ಮೇಲೆ ಐದು ಲೀಟರಿಂದು ತಗೊಳ್ಳೋಣ, ಅದಕ್ಕೆ 3 ಹಾಕಿದೀನಿ.

ಇಂಡಕ್ಷನ್ ಒಲೆ ಇಡೋರು ಪಾತ್ರೆ ಅಂಗಡಿಗೆ ಹೋಗೋವಾಗ ಒಂದು ಅಯಸ್ಕಾಂತ ಜೇಬಲ್ಲಿ ಇಟ್ಕೊಳ್ಳಿ. ತಳಕ್ಕೆ ಗಟ್ಟಿಯಾಗಿ ಅಂಟಿದ್ರೆ ಕಾಯುತ್ತೆ. ಬರೀ ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಅಂಟಲ್ಲ, ಕಾಯಲ್ಲ.

ಡಬ್ಬಗಳನ್ನ ಈಗಲೇ ತಗೋಬೇಡಿ. ಯಾವ ಸಾಮಾನು ನಮ್ಮ ಮನೇಲಿ ಎಷ್ಟು ಖರ್ಚಾಗುತ್ತೆ ಅನ್ನೋದು ಒಂದು ತಿಂಗಳು ಅಡುಗೆ ಮಾಡದೆ ಗೊತ್ತಾಗಲ್ಲ. ಅದು 2. ಕಸದ ಬುಟ್ಟಿ ಮಾತ್ರ ಖಂಡಿತ 1. ಪೆಟ್ಟಿಗೆ, ಥರ್ಮಾಕೋಲು, ಪ್ಲಾಸ್ಟಿಕ್ಕು, ಅತಿ ಹೆಚ್ಚು ಕಸ ಆಗೋದೇ ಮೊದಲ ದಿನ.

ಇದು ಫ್ರಿಜ್ ಬಂದ ದಿನ. ಫ್ರಿಜ್ ಅಳತೆ ಅಂದ್ರೆ ಅದನ್ನ ಇಡೋ ಜಾಗ ಮಾತ್ರ ಅಲ್ಲ. ಮೆಟ್ಟಿಲ ತಿರುವಿಂದ ಅಡುಗೆಮನೆವರೆಗೂ ಅತಿ ಇಕ್ಕಟ್ಟಾದ ಜಾಗ ಯಾವುದು ಅಂತ ಅಳೀಬೇಕು. ನಮಗೆ ಅದು ಅಡುಗೆಮನೆ ಬಾಗಿಲ ಚೌಕಟ್ಟು. ಇನ್ನೊಂದು, ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯೋಕೆ ಪಕ್ಕದ ಗೋಡೆ ಅಡ್ಡ ಬಂದ್ರೆ ಕೆಳಗಿನ ಡ್ರಾಯರ್ ಹೊರಗೆ ಬರಲ್ಲ. ತಂದವರು ವ್ಯಾನಲ್ಲಿ ಮಲಗಿಸ್ಕೊಂಡು ಬಂದಿದ್ರು. ಹಾಗೆ ಬಂದಿದ್ದನ್ನ ತಕ್ಷಣ ಆನ್ ಮಾಡಬಾರದು. ಕಂಪ್ರೆಸರಿನ ಎಣ್ಣೆ ಪೈಪಿನ ಕಡೆ ಹರಿದಿರುತ್ತೆ, ಅದು ಕೆಳಗೆ ಇಳಿಯೋವರೆಗೂ ಕೆಲವು ಗಂಟೆ ನಿಲ್ಲಿಸಿಡಬೇಕು. ನಾವು ರಾತ್ರಿಯಿಡೀ ಹಾಗೇ ಬಿಟ್ವಿ.

ಈಗ ಮಲಗೋ ಕೋಣೆ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡ್ತೀನಿ, ಯಾಕಂದ್ರೆ ಹತ್ತು ದಿನ ನಮ್ಮ ನಿದ್ದೆ ಕೆಡಿಸಿದ್ದು ಇದೇ.

ಮಂಚ ಮೊದಲು ತಗೊಂಡ್ವಿ, ಹಾಸಿಗೆ ಆಮೇಲೆ. ಒಳ್ಳೆ ಗಟ್ಟಿ ಮರದ ಮಂಚ, ತಲೆ ಕಡೆ ಹಲಗೆ, ಕಾಲು ಕಡೆನೂ ಹಲಗೆ. ನಾನೇ ಟೇಪ್ ಹಿಡಿದು ಅಳೆದೆ, ಉದ್ದ 78 ಇಂಚು ಬಂತು. ಹಾಸಿಗೆ 78 ಬೈ 60 ಆರ್ಡರ್ ಮಾಡಿದೆ. ಕ್ವೀನ್ ಅಂತ ಬರೆದಿರುತ್ತಲ್ಲ, ಆ ಹೆಸರು ನಂಬ್ಕೊಂಡು ಕೂರಬೇಡಿ. ಅಗಲ 60 ಇದ್ದು ಉದ್ದ 72, 75, 78 ಮೂರೂ ಅದೇ ಹೆಸರಲ್ಲಿ ಸಿಗುತ್ತೆ. ಹೆಸರು ಬಿಟ್ಟು ಇಂಚು ಓದಿ.

ಫೋಮ್ ಹಾಸಿಗೆ, ಗಾಳಿ ತೆಗೆದು ಸುರುಳಿ ಸುತ್ತಿ ಕಳಿಸಿದ್ರು. ನೋಡಿ, ಇವರು ಪ್ಲಾಸ್ಟಿಕ್ ಕತ್ತರಿಸ್ತಿದ್ದಾರೆ. ಉಸಿರು ಎಳ್ಕೊಂಡ ಹಾಗೆ ಒಂದು ಸದ್ದು ಬಂತು, ನೋಡ್ತಾ ನೋಡ್ತಾ ಎದ್ದೇಬಿಡ್ತು. ಪೂರ್ತಿ ದಪ್ಪ ಆಗೋಕೆ ಒಂದೆರಡು ದಿನ ಬೇಕು, ಮನೆಗೆ ಹೋಗೋ ದಿನಕ್ಕಿಂತ ಎರಡು ದಿನ ಮುಂಚೆ ತರಿಸ್ಕೊಂಡ್ರೆ ಒಳ್ಳೇದು. ಆದರೆ ಒಮ್ಮೆ ಬಿಚ್ಚಿದ್ದನ್ನ ಮನೇಲಿ ಮತ್ತೆ ಸುರುಳಿ ಸುತ್ತೋಕೆ ಸಾಧ್ಯವೇ ಇಲ್ಲ. ಬಿಚ್ಚಿದ್ದು ವಾಪಸ್ ತಗೊಳ್ಳಲ್ಲ ಅಂತ ಮಾರಿದವರು ಆಮೇಲೆ ಹೇಳಿದ್ರು.

ಮಂಚಕ್ಕೆ ಹಾಕಿದ್ವಿ. ಕೂರಲಿಲ್ಲ. ತಲೆ ಕಡೆ ಒತ್ತಿದ್ರೆ ಕಾಲು ಕಡೆ ಹಲಗೆ ಮೇಲೆ ಏರುತ್ತೆ, ಕಾಲು ಕಡೆ ಒತ್ತಿದ್ರೆ ನಡುವೆ ಗೂನು ಏಳುತ್ತೆ. "ಎಷ್ಟು ಅಳೆದಿದ್ದೆ?" ಅಂದ್ರು ಇವರು. "78 ರೀ, ಎರಡು ಸಲ ಅಳೆದೆ" ಅಂದೆ. ಟೇಪ್ ತಂದು ಹಲಗೆಯ ಒಳಮೈಯಿಂದ ಒಳಮೈಗೆ ಹಿಡಿದ್ರೆ 75. ಹಲಗೆಗಳ ದಪ್ಪ ಒಂದೂವರೆ ಒಂದೂವರೆ ಇಂಚು. ನಾನು ಅಳೆದಿದ್ದು ಹೊರಗಿಂದ ಹೊರಗೆ. ಆ ಮೂರು ಇಂಚು ಅಲ್ಲಿ ಹೋಗಿತ್ತು.

ಕತ್ತರಿಸಿಬಿಡೋಣ ಅಂತ ಮೊದಲು ಅನ್ಕೊಂಡ್ವಿ. ಹರಿತವಾದ ಉದ್ದ ಚಾಕು ಇದ್ರೆ ಫೋಮ್ ಕತ್ತರಿಸಬಹುದು. ಆದರೆ ಗ್ಯಾರಂಟಿ ಹೋಗುತ್ತೆ, ಕವರ್ ಬಿಚ್ಚಿ ಮತ್ತೆ ಹೊಲಿಸಬೇಕು. ಕಾಲು ಕಡೆ ಹಲಗೆ ಪೂರ್ತಿ ತೆಗೆದುಬಿಡೋಣ ಅಂದ್ರೆ ಮಂಚದ ಎರಡು ಪಕ್ಕದ ಪಟ್ಟಿ ಬೋಲ್ಟ್ ಆಗಿರೋದೇ ಅದಕ್ಕೆ. ತೆಗೆದ್ರೆ ಮಂಚವೇ ನಿಲ್ಲಲ್ಲ.

ಹೀಗಾಗಿ ಹತ್ತು ದಿನ ನೆಲದ ಮೇಲೆ ಹಾಸ್ಕೊಂಡು ಮಲಗಿದ್ವಿ. ನಾಲ್ಕನೇ ದಿನ ಗುಡಿಸೋಕೆ ಅಂತ ಎತ್ತಿದ್ರೆ ಅಡಿ ತಣ್ಣಗೆ ಒದ್ದೆ ಆಗಿತ್ತು. ಮೈಯ ಶಾಖ, ಬೆವರಿನ ತೇವ ಕೆಳಗಿಳಿದು ತಣ್ಣನೆ ನೆಲಕ್ಕೆ ತಾಗಿ ನೀರಾಗುತ್ತೆ, ಹೋಗೋಕೆ ದಾರಿ ಇರಲ್ಲ. ಹಾಗೇ ಬಿಟ್ಟಿದ್ರೆ ಬೂಷ್ಟು ಹಿಡೀತಿತ್ತು. ಅವತ್ತಿಂದ ದಿನಾ ಬೆಳಿಗ್ಗೆ ಗೋಡೆಗೆ ಒರಗಿಸಿ ನಿಲ್ಲಿಸ್ತಿದ್ವಿ.

ಕೊನೆಗೆ ದಾರಿ ತೋರಿಸಿದ್ದು ಬಡಗಿಯವರು. ಅವರು ಬಂದು ಮಂಚದ ಸುತ್ತ ಒಂದು ಸಲ ಓಡಾಡಿದ್ರು ಅಷ್ಟೇ. "ಹಲಗೆ ತೆಗೆಯೋದು ಬೇಡಮ್ಮ, ತಗ್ಗಿಸೋಣ" ಅಂದ್ರು. ಹಾಸಿಗೆ ಕೂರೋ ಅಡ್ಡಪಟ್ಟಿ ಇದೆಯಲ್ಲ, ಸರಿಯಾಗಿ ಅದರ ಮಟ್ಟಕ್ಕೆ ಪೆನ್ಸಿಲಲ್ಲಿ ಗೆರೆ ಎಳೆದು ಮೇಲಿನ ಭಾಗ ಮಾತ್ರ ಕೊಯ್ದ್ರು. ಬೋಲ್ಟ್ ಇರೋದು ಆ ಗೆರೆಯಿಂದ ಕೆಳಗೆ, ಅದಕ್ಕೆ ಏನೂ ಆಗ್ಲಿಲ್ಲ. ಈಗ ಹಾಸಿಗೆ ಹಲಗೆ ಮೇಲಿಂದ ಹಾದು ಹೊರಗೆ ಒಂದೂವರೆ ಇಂಚು ಚಾಚುತ್ತೆ. ಲೆಕ್ಕ ಸರಿಯಾಗಿದೆ: ಒಳಗೆ 75, ಹಲಗೆಯ ದಪ್ಪ ಒಂದೂವರೆ, ಉಳಿದಿದ್ದು ಒಂದೂವರೆ. ಕೊಯ್ದ ಅಂಚನ್ನ ಮರಳು ಕಾಗದದಲ್ಲಿ ಉಜ್ಜಿ ಪಾಲಿಶ್ ಹಚ್ಚಿ ಕೊಟ್ರು. ಮುಟ್ಟಿದ್ರೆ ಎಷ್ಟು ನುಣುಪಾಗಿದೆ ಗೊತ್ತಾ!

ಹೋದ ವಿಡಿಯೋದಲ್ಲಿ ಮಂಚ ಮೊದಲು ಅಂತ ಹೇಳಿದ್ದೆ. ಆ ಮಾತು ವಾಪಸ್ ತಗೊಳ್ತೀನಿ. ಹಾಸಿಗೆ 1, ಮಂಚ 2. ಹಾಸಿಗೆ ಇದ್ರೆ ಕೆಲವು ದಿನ ನೆಲದ ಮೇಲಾದ್ರೂ ಮಲಗಬಹುದು, ಅದರ ಅಳತೆ ಹಿಡಿದು ಮಂಚದ ಒಳ ಅಳತೆ ನೋಡಿ ತಗೋಬಹುದು. ಅಂಚಿಗೆ ಎಲಾಸ್ಟಿಕ್ ಇರೋ ಬೆಡ್‌ಶೀಟ್ ಬೇಕಾದ್ರೆ ಹಾಸಿಗೆಯ ದಪ್ಪನೂ ಬರ್ಕೊಳ್ಳಿ.

ಕಿಟಕಿ ಪರದೆಗೂ ಇಲ್ಲಿ 1. ಹೊಲಿಸಿದ್ದು ಬರೋವರೆಗೂ ಒಂದು ದುಪ್ಪಟಿ ಕಟ್ಟಿಕೊಂಡ್ವಿ. ಬಟ್ಟೆ ಎಷ್ಟು ಬೇಕು ಅಂದ್ರೆ ಕಿಟಕಿ ಅಗಲ ಬಿಡಿ, ಸರಳಿನ ಉದ್ದ ಅಳೆದು ಅದರ ಒಂದೂವರೆಯಿಂದ ಎರಡರಷ್ಟು ಲೆಕ್ಕ ಹಾಕಿ. ಇಲ್ಲಾಂದ್ರೆ ಎಳೆದಾಗ ನೆರಿಗೆ ಇರಲ್ಲ, ಚಪ್ಪಟೆ ಬಟ್ಟೆ ನೇತಾಡುತ್ತೆ.

ಬಟ್ಟೆ ಒಗೆಯೋ ಮಷೀನ್ ಇನ್ನೂ ಇಲ್ಲ, ಅದಕ್ಕೆ ಮೊದಲು 3 ಹಾಕಿದ್ದೆ. ಬೇಕೇ ಇಲ್ಲ ಅಂತಿದ್ದೆ, ಹೋದ ವಾರ ಎರಡು ಬೆಡ್‌ಶೀಟ್ ಕೈಯಲ್ಲಿ ಹಿಂಡಿದ ಮೇಲೆ 2 ಮಾಡಿದೆ. ಅಕ್ಕನ ಮನೇಲಿ ಹೊಸ ಮಷೀನ್ ಗಂಟೆಗಟ್ಟಲೆ ನೀರು ತುಂಬ್ತಾನೇ ಇತ್ತು, ತಿರುಗ್ತಿರ್ಲಿಲ್ಲ. ನೀರು ಹೊರಗೆ ಹೋಗೋ ಪೈಪಿನ ತುದಿ ನೆಲದ ಮೇಲೆ ಬಿದ್ದಿತ್ತು, ತುಂಬಿದ್ದೆಲ್ಲ ತಾನಾಗೇ ಹರಿದುಹೋಗ್ತಿತ್ತು. ಪೈಪನ್ನ ಸೊಂಟದ ಎತ್ತರಕ್ಕೆ ಎತ್ತಿ ಕಟ್ಟಿದ ಮೇಲೆ ಸರಿಹೋಯ್ತು. ಅದಕ್ಕೇ ನಮ್ಮ ಮನೇಲಿ ನಲ್ಲಿ, ಸಾಕೆಟ್, ಮೋರಿ ಎಲ್ಲೆಲ್ಲಿದೆ ಅಂತ ಮೊದಲೇ ನೋಡ್ಕೊಂಡಿದೀವಿ.

ಹಾಲ್ ಇದೇ. ಚಾಪೆ ಒಂದು, ದಿಂಬು ಎರಡು, ಗಡಿಯಾರ. ಸೋಫಾ ಇಡೋ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ ಒಂದು ಚೌಕ ಮಾಡಿದೀವಿ, ಅದರ ಸುತ್ತ ಓಡಾಡಿ ನೋಡ್ತಿದೀವಿ. ಬಾಲ್ಕನಿ ಬಾಗಿಲು ತೆಗೆದ್ರೆ ಆ ಚೌಕದ ಒಂದು ಮೂಲೆಗೆ ತಾಗುತ್ತೆ. ಇವರು ಒಂದು ಅಡಿ ಈ ಕಡೆ ಸರಿಸೋಣ ಅಂತಿದಾರೆ, ನನಗೆ ಸಣ್ಣ ಸೋಫಾನೇ ಸಾಕು. ಇವತ್ತು ಸಂಜೆ ಟೇಪ್ ಕಿತ್ತು ಮತ್ತೆ ಅಂಟಿಸ್ತೀವಿ.