ಮೂಡೆಗೆ ಎಷ್ಟು ಹಾನೆ? ದಾನಶಾಸನದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಬಾರಕೂರು, ಬಸರೂರು ಕಡೆಯ ದೇವಸ್ಥಾನಗಳ ಅಂಗಳದಲ್ಲಿ ನಿಂತಿರುವ ವಿಜಯನಗರ ಕಾಲದ ಶಾಸನಗಳನ್ನು ನೋಡಿರುತ್ತೀರಿ. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಹಸುಕರು. ಕೆಳಗೆ ಸ್ತುತಿ, ಶಕವರ್ಷ, ಅರಸನ ಹೆಸರು, ಬಾರಕೂರು ರಾಜ್ಯವನ್ನು ಆಳುತ್ತಿದ್ದ ಅಧಿಕಾರಿಯ ಹೆಸರು. ಓದುವವರು ಹೆಚ್ಚಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಊರಿನ ಬದುಕು ಇರುವುದು ಅದರ ಕೆಳಗೆ, ಭತ್ತ, ಅಕ್ಕಿ, ಹಣದ ಲೆಕ್ಕ ಶುರುವಾಗುವ ಸಾಲುಗಳಲ್ಲಿ. ಇವತ್ತು ಆ ಲೆಕ್ಕವನ್ನೇ ಬಿಡಿಸಿ ನೋಡೋಣ.

ನಮ್ಮ ಅಕ್ಕಿಮುಡಿಯನ್ನು ಈ ಕಲ್ಲುಗಳು ‘ಮೂಡೆ’ ಎನ್ನುತ್ತವೆ. ಈ ಒಂದೇ ಮಾತಿಗೆ ಅಲ್ಲಿ ಎರಡು ಕೆಲಸ. ‘ಬಿತ್ತುವ ಬೀಜ ಮೂಡೆ ಐದು’ ಎಂದಿದ್ದರೆ ಅದು ಗದ್ದೆಯ ವಿಸ್ತಾರ, ಐದು ಮುಡಿ ಬೀಜ ಹಿಡಿಯುವಷ್ಟು ಜಾಗ. ‘ಅಕ್ಕಿ ಮೂಡೆ ಹನ್ನೆರಡು’ ಎಂದಿದ್ದರೆ ಆ ಗದ್ದೆಯಿಂದ ವರ್ಷಕ್ಕೆ ದೇವರಿಗೆ ಸಲ್ಲಬೇಕಾದ ಅಕ್ಕಿ. ಮೊದಲನೆಯದನ್ನು ಫಸಲೆಂದು ಓದಿಬಿಟ್ಟರೆ ದಾನ ತೀರಾ ಸಣ್ಣದಾಗಿ ಕಾಣುತ್ತದೆ. ‘ಬೀಜ’, ‘ಬಿತ್ತು’ ಎಂಬ ಮಾತು ಹತ್ತಿರದಲ್ಲಿದೆಯೇ ಎಂದು ಮೊದಲು ಹುಡುಕಬೇಕು.

ಮೂಡೆಯ ಅಳತೆಯೂ ಒಂದೇ ಅಲ್ಲ. ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಆ 42ನ್ನು ಹಳೆಯ ಕಲ್ಲಿನ ಮೇಲೆ ಹೇರುವಂತಿಲ್ಲ. ಅಲ್ಲಿ ಅಳತೆ ಹಾನೆ ಎಂಬ ಸಣ್ಣ ಮಾಪಿನಲ್ಲಿ, ಮೂಡೆಗೆ ಎಷ್ಟು ಹಾನೆ ಎಂಬುದನ್ನು ಆಯಾ ಶಾಸನದಲ್ಲೇ ಹುಡುಕಬೇಕು. ‘ಹಾನೆ ಐವತ್ತರ ಮೂಡೆ’ ಎಂಬಂಥ ಮಾತು ಬರುವುದು ಅದಕ್ಕೇ. ಆ ಜಾಗ ಸವೆದಿದ್ದರೆ ಖರ್ಚಿನ ಪಟ್ಟಿಯೇ ದಾರಿ ತೋರಿಸುತ್ತದೆ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಅಕ್ಕಿ 12 ಮೂಡೆ, ಖರ್ಚು ದೇವರ ಅಮೃತಪಡಿಗೆ, ಅಂದರೆ ನೈವೇದ್ಯಕ್ಕೆ, ದಿನಕ್ಕೆ ಒಂದು ಹಾನೆ. ತಿಂಗಳಿಗೆ 30 ದಿನದಂತೆ ವರ್ಷಕ್ಕೆ 360 ಹಾನೆ ಬೇಕು. ಹನ್ನೆರಡು ಮೂಡೆ 360 ಹಾನೆಗೆ ಸರಿಯಾಗಬೇಕಾದರೆ ಮೂಡೆಗೆ 30 ಹಾನೆ. ಐವತ್ತರ ಮೂಡೆಯಾಗಿದ್ದರೆ 600 ಹಾನೆ ಬರುತ್ತದೆ, ನೈವೇದ್ಯ ಕಳೆದು 240 ಉಳಿಯುತ್ತದೆ. ಆಗ ಮುಂದಿನ ಸಾಲುಗಳಲ್ಲಿ ಆ 240ಕ್ಕೆ ದಾರಿ ಕಾಣಿಸಬೇಕು: ಪೂಜೆ ಮಾಡುವವರ ಪಾಲು, ಬ್ರಾಹ್ಮಣಭೋಜನ, ನಂದಾದೀಪದ ಎಣ್ಣೆ, ಏನಾದರೊಂದು. ಅಂಥದ್ದೇನೂ ಇಲ್ಲದಿದ್ದರೆ ಅಂಕಿಯನ್ನೇ ತಪ್ಪಾಗಿ ಓದಿರಬಹುದು. ಸವೆದ ಕಲ್ಲಿನಲ್ಲಿ ಮೂರು ಆರಾಗಿ, ಸೊನ್ನೆ ಒಂದಾಗಿ ಕಾಣುವುದು ಮಾಮೂಲು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಮತ್ತೊಮ್ಮೆ ನೋಡಬೇಕು. ಅಕ್ಷರದ ಗೆರೆಗೆ ಯಾರಾದರೂ ಎಣ್ಣೆಬಣ್ಣ ತುಂಬಿದ್ದರೆ ನೀವು ಓದುವುದು ಕಲ್ಲನ್ನಲ್ಲ, ಬಣ್ಣ ಹಚ್ಚಿದವರ ಊಹೆಯನ್ನು.

ಇನ್ನು ತೆರಿಗೆ. ಭೂಮಿಯ ಮೇಲಿನ ನಿಗದಿಯಾದ ತೆರಿಗೆಗೆ ‘ಸಿದ್ಧಾಯ’ ಎಂದು ಹೆಸರು, ಲೆಕ್ಕ ಗದ್ಯಾಣವೆಂಬ ನಾಣ್ಯದಲ್ಲಿ. ‘ಗ್ರಾಮದ ಸಿದ್ಧಾಯದೊಳಗೆ ಇಷ್ಟು ಗದ್ಯಾಣ ಬಿಟ್ಟರು’ ಎಂದಿದ್ದರೆ ಅರಸ ಊರನ್ನು ಕೊಟ್ಟನೆಂದು ಬರೆದುಬಿಡುವವರಿದ್ದಾರೆ. ಅಲ್ಲಿ ಕೈಬದಲಾದದ್ದು ತೆರಿಗೆಯ ಹಣ ಮಾತ್ರ. ಒಕ್ಕಲು ಅದೇ ಗದ್ದೆ ಉಳುತ್ತಾನೆ, ಅರಮನೆಗೆ ತೆರುತ್ತಿದ್ದುದನ್ನು ದೇವಸ್ಥಾನಕ್ಕೆ ತೆರುತ್ತಾನೆ. ಖಾಸಗಿಯವರು ಗದ್ದೆಯನ್ನೇ ಧಾರೆಯೆರೆದು ಕೊಟ್ಟಾಗ ಸಂಗತಿ ಬೇರೆ. ‘ಸರ್ವಮಾನ್ಯ’ ಎಂದು ತೆರಿಗೆಯಿಂದ ಬಿಡಿಸಿಕೊಡದಿದ್ದರೆ ಅದು ಆ ಗದ್ದೆಯ ಮೇಲೆ ಹಾಗೆಯೇ ಉಳಿದಿರಬಹುದು. ಆದ್ದರಿಂದ ಸಿದ್ಧಾಯ ತೆರುವವರು ಯಾರು ಎಂಬ ಸಾಲನ್ನು ಹುಡುಕದೆ ದೇವರಿಗೆ ಕೊನೆಗೆ ಎಷ್ಟು ಉಳಿಯಿತೆಂದು ಹೇಳಲಾಗದು.

ಇಷ್ಟನ್ನು ನಡೆಸಿಕೊಂಡು ಹೋಗುವವರು ಯಾರು? ಇಲ್ಲಿ ‘ಹಲರು’ ಬರುತ್ತಾರೆ. ಹೆಸರಿಗೆ ಹಲವು ಜನ ಎಂದಷ್ಟೇ ಅರ್ಥವಾದರೂ ಬಾರಕೂರಿನ ಕೇರಿಗಳಲ್ಲಿ, ಬಸರೂರಿನ ಮೂಡುಕೇರಿ ಪಡುವಕೇರಿಗಳಲ್ಲಿ ಅದು ವ್ಯವಹಾರ ನಡೆಸುವ ಸಭೆ. ಕೇರಿಕೇರಿಗೂ ಬೇರೆ ಹಲರು. ಹಾಗಾಗಿ ‘ಬಾರಕೂರ ಹಲರು’ ಎಂದು ಮೊಟಕಾಗಿ ಬರೆದುಕೊಂಡರೆ ಯಾವ ಕೇರಿ ಹೊಣೆ ಹೊತ್ತಿತ್ತೆಂಬುದು ತಪ್ಪಿಹೋಗುತ್ತದೆ. ಅಧಿಕಾರಿಗಳು ಬದಲಾಗುತ್ತಿದ್ದರು, ಕೇರಿ ಅಲ್ಲೇ ಇರುತ್ತಿತ್ತು. ಧರ್ಮವನ್ನು ಹಲರ ಕೈಗೆ ಒಪ್ಪಿಸಿದ್ದರ ಹಿಂದೆ ಈ ಲೆಕ್ಕಾಚಾರ ಇತ್ತೆಂದೇ ನನ್ನ ಎಣಿಕೆ.

ಕೊನೆಯ ಭಾಗದಲ್ಲಿ ಮೂಡ, ತೆಂಕ, ಪಡುವ, ಬಡಗ ಎಂದು ಗದ್ದೆಯ ಚತುಸ್ಸೀಮೆ, ಸಾಕ್ಷಿಗಳು, ಹಲರ ಒಪ್ಪ ಅಂದರೆ ರುಜು, ಬರೆದ ಸೇನಬೋವನ ಹೆಸರು ಇರುತ್ತವೆ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪವೂ ಅಲ್ಲೇ. ಶಾಪ ಹೆಚ್ಚುಕಡಿಮೆ ಎಲ್ಲ ಕಲ್ಲುಗಳಲ್ಲೂ ಒಂದೇ ಥರ, ಅದು ಅಳಿಸಿದರೂ ಬೇರೆ ಕಲ್ಲು ನೋಡಿ ತುಂಬಿಕೊಳ್ಳಬಹುದು. ಒಪ್ಪ, ಸಾಕ್ಷಿ, ಎಲ್ಲೆಗಳಿಗೆ ಬೇರೆ ಪ್ರತಿ ಇಲ್ಲ. ಜೀರ್ಣೋದ್ಧಾರದಲ್ಲಿ ಕಲ್ಲನ್ನು ಎತ್ತಿ ಮತ್ತೆ ನಿಲ್ಲಿಸುವಾಗ ಸಿಮೆಂಟಿನೊಳಗೆ ಹೂತುಹೋಗುವುದು ಹೆಚ್ಚಾಗಿ ಈ ಕೆಳಗಿನ ಸಾಲುಗಳೇ. ನಿಮ್ಮೂರಿನ ದೇವಸ್ಥಾನದಲ್ಲಿ ನೆಲ ಹಾಸುವ ಕೆಲಸ ಶುರುವಾಗಿದ್ದರೆ, ಕಲ್ಲನ್ನು ನಿಲ್ಲಿಸುವ ಮುನ್ನ ಬರಹದ ಕೊನೆಯ ಸಾಲು ನೆಲದಿಂದ ಒಂದು ಗೇಣಾದರೂ ಮೇಲೆ ಇದೆಯೇ ಎಂದು ಅಳೆದು ನೋಡಿ.

ನಮಸ್ಕಾರ.